ಅಂಗಿ ಕಾಲರ್‌ಗೆ ಕೋಟಿನ ಕಾಲರ್ ಹೊಂದಿಸುವುದು

ಕ್ಲಿನಿಕ್‌ನ ಕರಪತ್ರಕ್ಕೆ ಫೋಟೋ ಕೇಳಿದರೆ ಎಷ್ಟೋ ವೈದ್ಯರು ಯಾವುದೋ ಮದುವೆಯಲ್ಲಿ ತೆಗೆಸಿಕೊಂಡದ್ದನ್ನು ಕಳಿಸಿಬಿಡುತ್ತಾರೆ. ಬಿಳಿ ಕೋಟು ತೊಡಿಸಿ ಸ್ಟೆತಾಸ್ಕೋಪ್ ಹಾಕುವ ಹೊಣೆ ಡಿಸೈನರ್ ಮೇಲೆ ಬೀಳುತ್ತದೆ. ಭುಜ, ತೋಳು ಹೇಗೋ ಹೊಂದಿಕೊಳ್ಳುತ್ತವೆ. ಕೆಲಸ ಕೆಡುವುದು ಕುತ್ತಿಗೆಯ ಬಳಿ.

ನೀಲಿ ಗೆರೆಯ ಅಂಗಿ ತೊಟ್ಟ ವೈದ್ಯರೊಬ್ಬರ ಚಿತ್ರ ಎಂದಿಟ್ಟುಕೊಳ್ಳಿ. ಸಿದ್ಧವಾಗಿ ಸಿಗುವ ಕೋಟಿನ ಚಿತ್ರಗಳಲ್ಲಿ ಹಲವಕ್ಕೆ ಒಳಗಿನ ಅಂಗಿ, ಟೈ ಅಂಟಿಕೊಂಡೇ ಇರುತ್ತವೆ. ಹಾಗೇ ಕೂರಿಸಿದರೆ ವೈದ್ಯರ ಗೆರೆ ಕಾಲರ್ ಪಕ್ಕದಿಂದ ಇಣುಕಿ, ಒಂದೇ ಕುತ್ತಿಗೆಗೆ ಎರಡು ಕಾಲರ್ ಆಗುತ್ತದೆ. ವೈದ್ಯರ ಕಾಲರನ್ನೇ ಅಳಿಸೋಣವೆಂದರೆ ಅದರಡಿ ಕುತ್ತಿಗೆಯ ಚರ್ಮ ಇರುವುದಿಲ್ಲ. ಕ್ಯಾಮೆರಾಕ್ಕೆ ಕಂಡದ್ದು ಬಟ್ಟೆ ಮಾತ್ರ. ಪಕ್ಕದ ಚರ್ಮ ಎಳೆದು ತುಂಬಿದರೆ ಕುತ್ತಿಗೆ ಉದ್ದವಾಗಿ, ಗಲ್ಲದ ನೆರಳು ತಪ್ಪಿದ ಜಾಗಕ್ಕೆ ಬೀಳುತ್ತದೆ. ಹಾಗಾಗಿ ಅಂಗಿ ವೈದ್ಯರದೇ ಉಳಿಯಲಿ, ಕೋಟಿನೊಳಗಿನ ಅಂಗಿಯನ್ನು ತೆಗೆಯಿರಿ.

ಇನ್ನು ಕೋಟನ್ನು ಎರಡು ಲೇಯರ್ ಮಾಡಬೇಕು. ಕತ್ತಿನ ಹಿಂದೆ ಕಾಣುವ ಕಾಲರ್ ಭಾಗ ವೈದ್ಯರ ಚಿತ್ರದ ಕೆಳಗೆ, ಎದೆಯ ಮೇಲೆ ಮಡಚಿಕೊಂಡ ಮುಂಭಾಗ ಅದರ ಮೇಲೆ. ಮುಂಭಾಗಕ್ಕೆ ಮಾಸ್ಕ್ ಹಾಕಿ, ಕಪ್ಪು ಬ್ರಷ್‌ನಿಂದ ಕುತ್ತಿಗೆಯ ಪಕ್ಕದಲ್ಲಷ್ಟೇ ಸವರಿದರೆ ಅಂಗಿ ಕಾಲರ್‌ನ ಮೇಲಂಚು ಹೊರಗೆ ಬರುತ್ತದೆ. ನಿಜವಾಗಿ ತೊಟ್ಟಾಗಲೂ ಅಂಗಿಯ ಕಾಲರ್ ಕೋಟಿನದಕ್ಕಿಂತ ತುಸು ಎತ್ತರದಲ್ಲಿ ನಿಂತು, ಅದರ ಚೂಪು ತುದಿಗಳು ಕೋಟಿನ ಮಡಿಕೆಯಡಿ ಸೇರಿಕೊಂಡಿರುತ್ತವೆ. ತುದಿಯೊಂದು ಕೋಟಿನ ಮೇಲೆ ಬಂತೋ, ನೋಡುವವರಿಗೆ ಕಾರಣ ತಿಳಿಯದಿದ್ದರೂ ಚಿತ್ರ ಸುಳ್ಳೆನಿಸುತ್ತದೆ.

ಕೋಟು ಅಂಗಿಯ ಮೇಲೆ ಕೂತಿದೆ ಎನಿಸುವುದು ನೆರಳಿನಿಂದ. ಇಲ್ಲಿ ಬಹಳ ಮಂದಿ Drop Shadow ಒತ್ತಿ ಮುಗಿಸುತ್ತಾರೆ. ಅದು ಕೋಟಿನ ಅಂಚಿನ ಸುತ್ತಲೂ ಒಂದೇ ಹದದಲ್ಲಿ ಬಿದ್ದು, ಹಿನ್ನೆಲೆಗೂ ಚಾಚಿ, ಕೋಟು ರಟ್ಟಿನ ತುಂಡಿನಂತೆ ಕಾಣುತ್ತದೆ. ಅದರ ಬದಲು ಅಂಗಿ ಮತ್ತು ಕೋಟಿನ ನಡುವೆ Multiply ಲೇಯರ್ ಇಟ್ಟು, ಅಂಗಿಯದೇ ಗಾಢ ಬಣ್ಣವನ್ನು ಮೃದು ಬ್ರಷ್‌ನಿಂದ ಶೇ. 20–30ರ ಹದದಲ್ಲಿ ಮಡಿಕೆಯಂಚಿಗೆ ಬಳಿದರೆ ಸಾಕು. ಮುಖಕ್ಕೆ ಬೆಳಕು ಎಡದಿಂದ ಬಂದಿದ್ದರೆ ಕೋಟಿನ ಬಲ ಮಡಿಕೆಯ ನೆರಳು ಎಡದ್ದಕ್ಕಿಂತ ಬೇರೆಯಾಗಿರಬೇಕೆಂಬುದನ್ನು ಮರೆಯಬಾರದು.

ಸ್ಟೆತಾಸ್ಕೋಪ್ ಎಲ್ಲಕ್ಕಿಂತ ಮೇಲಿನ ಲೇಯರ್, ಆದರೆ ಪೂರ್ತಿಯಲ್ಲ. ಕತ್ತಿನ ಹಿಂದೆ ಹೋಗುವ ಕೊಳವೆಯನ್ನು ಮಾಸ್ಕ್‌ನಲ್ಲಿ ಮರೆಮಾಡಬೇಕು. ಬಟ್ಟೆಗೆ ತಾಗಿದ ಕಡೆ ಅದರ ನೆರಳು ಕಿರಿದು, ಗಾಢ. ಜೋತುಬಿದ್ದ ಕಡೆ ಅಗಲ, ಮಸುಕು.

ಚಿತ್ರ 2 ಇಂಚು ಅಗಲ ಅಚ್ಚಾಗುವುದಾದರೆ, ಇಂಚಿಗೆ 300ರಂತೆ 600 ಪಿಕ್ಸೆಲ್ ಬೇಕು. ಬಿಳಿ ಕಾಗದದ ಮೇಲೆ ಬಿಳಿ ಕೋಟಿನ ಅಂಚು ಕಳೆದುಹೋಗುವುದರಿಂದ ಹಿನ್ನೆಲೆಗೆ ತಿಳಿಬೂದು ಕೊಡುವುದು ಲೇಸು. ವೈದ್ಯರು ಅಡ್ಡ ತಿರುಗಿ ನಿಂತಿದ್ದರೆ ಮಾತ್ರ ನೇರ ನಿಂತ ಕೋಟು ಎಷ್ಟು ಬಗ್ಗಿಸಿದರೂ ಗುಂಡಿಸಾಲು ಹೊಂದುವುದಿಲ್ಲ. ಅಂಥಲ್ಲಿ ಗಂಟೆಗಟ್ಟಲೆ ಮೌಸ್ ಉಜ್ಜುವ ಬದಲು, ನಿಮ್ಮ ಕೋಟು ತೊಟ್ಟು ಕಿಟಕಿ ಬೆಳಕಲ್ಲಿ ಒಂದು ಫೋಟೋ ತೆಗೆಸಿ ಕಳಿಸಿ ಡಾಕ್ಟ್ರೇ ಎಂದು ಕೇಳಿಬಿಡುವುದೇ ಜಾಣತನ.