ಚಿನ್ನ ಏರಿದರೂ ಗಣಿ ಷೇರು ಇಳಿಯುವುದೇಕೆ?

2023ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆ ಸುಮಾರು ಶೇ 13ರಷ್ಟು ಏರಿತು. ವರ್ಷದ ಮೊದಲಿಗೆ ನಾಣ್ಯವೋ ಗಟ್ಟಿಯೋ ಕೊಂಡು ಲಾಕರ್‌ನಲ್ಲಿ ಇಟ್ಟವರಿಗೆ ಒಳ್ಳೆಯ ಲಾಭ. ಅದೇ ದುಡ್ಡನ್ನು ಜಗತ್ತಿನ ಅತಿ ದೊಡ್ಡ ಚಿನ್ನದ ಗಣಿ ಕಂಪನಿಯಾದ ಅಮೆರಿಕದ ನ್ಯೂಮಾಂಟ್‌ನ ಷೇರಿಗೆ ಹಾಕಿದವರ ಬಂಡವಾಳ ಮಾತ್ರ ಸುಮಾರು ಶೇ 12ರಷ್ಟು ಕರಗಿತ್ತು. ಚಿನ್ನ ತೆಗೆಯುವವರಿಗೇ ಚಿನ್ನದ ಏರಿಕೆ ದಕ್ಕಲಿಲ್ಲ.

ಕಾರಣ ಕಂಪನಿಯ ಲೆಕ್ಕಪತ್ರದಲ್ಲೇ ಇದೆ. 2022ರಲ್ಲಿ ನ್ಯೂಮಾಂಟ್ ಒಂದು ಔನ್ಸ್ ಚಿನ್ನವನ್ನು, ಅಂದರೆ ಸುಮಾರು 31 ಗ್ರಾಂ, ಸರಾಸರಿ 1,792 ಡಾಲರಿಗೆ ಮಾರಿತ್ತು. ಮರುವರ್ಷ ಅದಕ್ಕೆ 1,954 ಡಾಲರ್ ಸಿಕ್ಕಿತು. ಔನ್ಸಿಗೆ 162 ಡಾಲರ್ ಹೆಚ್ಚು. ಆದರೆ ಆ ಔನ್ಸನ್ನು ತೆಗೆಯುವ ಖರ್ಚು 1,211ರಿಂದ 1,444 ಡಾಲರಿಗೆ ಏರಿತ್ತು. ಅಂದರೆ 233 ಡಾಲರ್ ಹೆಚ್ಚು. ಖರ್ಚು ಕಳೆದು ಉಳಿಯುವ ಹಣ 581 ಡಾಲರಿನಿಂದ 510ಕ್ಕೆ ಇಳಿಯಿತು. ಷೇರುದಾರನ ಪಾಲು ಬರುವುದು ಈ ಉಳಿಕೆಯಿಂದ. ಗಟ್ಟಿ ಚಿನ್ನ ಕೊಂಡವನಿಗೆ ಈ ಲೆಕ್ಕದ ಗೊಡವೆಯೇ ಇಲ್ಲ.

ಖರ್ಚು ಇಷ್ಟೊಂದು ಏರಲು ಚಿನ್ನದ ಬೆಲೆ ಏರಿಸುವ ಹಣದುಬ್ಬರವೂ ಒಂದು ಕಾರಣ. ಡೀಸೆಲ್, ವಿದ್ಯುತ್, ಸ್ಫೋಟಕ, ಕೂಲಿ ಎಲ್ಲವೂ ಅದರ ಜೊತೆಗೇ ದುಬಾರಿಯಾಗುತ್ತವೆ. ಅದಿರಿನ ಗುಣಮಟ್ಟ ಇನ್ನೊಂದು ಕಾರಣ. ಟನ್ನಿಗೆ ಒಂದೇ ಗ್ರಾಂ ಚಿನ್ನವಿರುವ ಗಣಿಯಲ್ಲಿ ಹತ್ತು ಗ್ರಾಂ ಬೇಕೆಂದರೆ ಹತ್ತು ಟನ್ ಕಲ್ಲು ಒಡೆದು, ಅರೆದು, ಸಯನೈಡ್ ದ್ರಾವಣದಲ್ಲಿ ಕರಗಿಸಬೇಕು. ಒಳ್ಳೆಯ ಅದಿರು ಮುಗಿದಂತೆ ಅದೇ ಹತ್ತು ಗ್ರಾಮಿಗೆ ಇನ್ನಷ್ಟು ಕಲ್ಲು. ನಮ್ಮ ಕೋಲಾರದಲ್ಲಿ ಆದದ್ದೂ ಇದೇ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಕೆಜಿಎಫ್ ಗಣಿಗಳನ್ನು 2001ರ ಫೆಬ್ರುವರಿ 28ರಂದು ಮುಚ್ಚುವಾಗ ಒಳಗಿನ ಚಿನ್ನ ಪೂರ್ತಿ ಖಾಲಿಯಾಗಿರಲಿಲ್ಲ. ತೆಗೆಯುವ ಖರ್ಚು ಮಾರುವ ಬೆಲೆಯನ್ನು ಮೀರಿತ್ತು.

ನ್ಯೂಮಾಂಟ್‌ಗೆ 2023ರಲ್ಲಿ ಬೇರೆ ಪೆಟ್ಟುಗಳೂ ಬಿದ್ದವು. ಮೆಕ್ಸಿಕೊದ ಪೆನ್ಯಾಸ್ಕಿಟೊ ಗಣಿಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾರ್ಮಿಕರ ಮುಷ್ಕರ ನಡೆಯಿತು. ಕಂಪನಿಯ ಒಟ್ಟು ಉತ್ಪಾದನೆ ಸುಮಾರು 60 ಲಕ್ಷ ಔನ್ಸಿನಿಂದ 55 ಲಕ್ಷಕ್ಕೆ ಇಳಿಯಿತು. ಉಳಿಕೆಯೂ ಕಡಿಮೆ, ಮಾಲೂ ಕಡಿಮೆ. ಇದರ ಮೇಲೆ ನವೆಂಬರಿನಲ್ಲಿ ಆಸ್ಟ್ರೇಲಿಯಾದ ನ್ಯೂಕ್ರೆಸ್ಟ್ ಕಂಪನಿಯನ್ನು ಕೊಂಡುಕೊಂಡಿತು. ಅದಕ್ಕೆ ಹೊಸ ಷೇರುಗಳನ್ನೇ ಕೊಟ್ಟಿದ್ದರಿಂದ ಸುಮಾರು 80 ಕೋಟಿ ಇದ್ದ ಷೇರುಗಳ ಸಂಖ್ಯೆ 115 ಕೋಟಿ ದಾಟಿತು. ಹೊಸ ಗಣಿಗಳು ಬಂದವು ನಿಜ, ಆದರೆ ಪಾಲುದಾರರೂ ಹೆಚ್ಚಾದರು. ಮರುವರ್ಷದ ಫೆಬ್ರುವರಿಯಲ್ಲಿ ತ್ರೈಮಾಸಿಕ ಲಾಭಾಂಶವನ್ನು ಷೇರಿಗೆ 40 ಸೆಂಟ್‌ನಿಂದ 25 ಸೆಂಟ್‌ಗೆ ಇಳಿಸಿದಾಗ ಷೇರು ಇನ್ನೂ ಕುಸಿಯಿತು.

ಪೇಟೆ ಇಂಥ ಹುಸಿಯನ್ನು ಎಷ್ಟು ಬೇಗ ಶಿಕ್ಷಿಸುತ್ತದೆ ಎಂಬುದು ಕಂಡದ್ದು 2024ರ ಅಕ್ಟೋಬರಿನಲ್ಲಿ. ಚಿನ್ನ ಔನ್ಸಿಗೆ 2,700 ಡಾಲರ್ ದಾಟಿ ದಾಖಲೆಯ ಎತ್ತರದಲ್ಲಿತ್ತು. ನ್ಯೂಮಾಂಟ್ ತನ್ನ ತ್ರೈಮಾಸಿಕ ಖರ್ಚು ಔನ್ಸಿಗೆ 1,611 ಡಾಲರ್ ಎಂದು ಪ್ರಕಟಿಸಿತು. ಪೇಟೆ ಎಣಿಸಿದ್ದಕ್ಕಿಂತ ಅದು ಹೆಚ್ಚು. ಉಳಿಕೆ ದೊಡ್ಡದೇ ಇದ್ದರೂ ನಿರೀಕ್ಷೆ ಮುಟ್ಟಲಿಲ್ಲವೆಂದು ಷೇರು ಒಂದೇ ದಿನ ಶೇ 14ಕ್ಕೂ ಹೆಚ್ಚು ಬಿದ್ದಿತು.

ಹಾಗೆಂದು ಗಣಿ ಷೇರು ಯಾವಾಗಲೂ ನಷ್ಟದ ಬಾಬತ್ತು ಎಂದಲ್ಲ. ಖರ್ಚು 1,500 ಡಾಲರಿನಲ್ಲೇ ನಿಂತು, ಬೆಲೆ 2,000ದಿಂದ 2,500ಕ್ಕೆ ಹೋದರೆ ಚಿನ್ನ ಏರಿದ್ದು ಶೇ 25, ಉಳಿಕೆ ಇಮ್ಮಡಿ. 2025ರಲ್ಲಿ ಚಿನ್ನ ಶೇ 60ಕ್ಕೂ ಹೆಚ್ಚು ಏರಿದಾಗ ನ್ಯೂಮಾಂಟ್ ಷೇರು ದುಪ್ಪಟ್ಟಿಗಿಂತ ಮೇಲೆ ಹೋಯಿತು. ಬೆಲೆ ಇಳಿಯುವಾಗಲೂ ಲೆಕ್ಕ ಇಷ್ಟೇ ಬಿರುಸು. 2,000ದಿಂದ 1,750ಕ್ಕೆ ಬಂದರೆ ಉಳಿಕೆಯ ಅರ್ಧವೇ ಮಾಯ.

ರಾಯಚೂರು ಜಿಲ್ಲೆಯ ಹಟ್ಟಿ ಗಣಿ ಸರ್ಕಾರದ ಕಂಪನಿ, ಅದರ ಷೇರು ಪೇಟೆಯಲ್ಲಿ ಸಿಗುವುದಿಲ್ಲ. ನಮ್ಮವರು ಗಣಿ ಷೇರಿಗೆ ಹಣ ಹಾಕುವುದು ಹೆಚ್ಚಾಗಿ ವಿದೇಶಿ ಗಣಿ ಕಂಪನಿಗಳಲ್ಲಿ ಹೂಡುವ ಮ್ಯೂಚುವಲ್ ಫಂಡ್‌ಗಳ ಮೂಲಕ. ಅವುಗಳ ಹೆಸರಿನಲ್ಲೂ ‘ಗೋಲ್ಡ್’ ಇರುತ್ತದೆ, ಗಟ್ಟಿ ಚಿನ್ನ ಕೊಳ್ಳುವ ಗೋಲ್ಡ್ ಇಟಿಎಫ್‌ಗಳ ಹೆಸರಿನಲ್ಲೂ ಇರುತ್ತದೆ. ಮಗಳ ಮದುವೆಗೆಂದು ಚಿನ್ನದ ಲೆಕ್ಕದಲ್ಲಿ ಉಳಿಸುವವರು ಇವೆರಡನ್ನು ಒಂದೇ ಎಂದುಕೊಳ್ಳಬಾರದು. ಹಣ ಕಟ್ಟುವ ಮೊದಲು ಫಂಡ್‌ನ ತಿಂಗಳ ವರದಿಯಲ್ಲಿ ಹೂಡಿಕೆಗಳ ಪಟ್ಟಿ ನೋಡಿ. ಅಲ್ಲಿ ನ್ಯೂಮಾಂಟ್, ಬ್ಯಾರಿಕ್‌ನಂಥ ಕಂಪನಿಗಳ ಹೆಸರು ಅಥವಾ ಅಂಥ ಷೇರುಗಳನ್ನು ಕೊಳ್ಳುವ ವಿದೇಶಿ ಫಂಡ್‌ನ ಹೆಸರು ಇದ್ದರೆ, ನೀವು ಕೊಳ್ಳುತ್ತಿರುವುದು ಗಣಿ ವ್ಯಾಪಾರದ ಪಾಲು.