ಬಾಯ ವಾಸನೆಯೊಂದೇ ಸಾಕ್ಷಿಯೆ?

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸನ್ನು ನೀವು ಹತ್ತಿರುವಿರಷ್ಟೆ. ತಾಳಬೆಟ್ಟದಿಂದ ಮೇಲಿನ ತಿರುವುಗಳಲ್ಲಿ ನಮ್ಮೆಲ್ಲರ ಜೀವ ಚಾಲಕನ ಕೈಯಲ್ಲಿ. ಅಂಥವನೊಬ್ಬ ಡಿಪೋಗೆ ಬಂದಾಗ ಮಾತು ತೊದಲಿತು, ಹೆಜ್ಜೆ ತಪ್ಪಿತು ಎನ್ನಿ. ಮೇಲಧಿಕಾರಿ ಏನು ಮಾಡಬೇಕು?

ಮೊದಲು ಬಸ್ಸನ್ನು ಬೇರೊಬ್ಬನಿಗೆ ಒಪ್ಪಿಸಬೇಕು, ವಿಚಾರಣೆ ಆಮೇಲೆ. ಬಳಿಕ ಸಾಕ್ಷಿಯೊಬ್ಬರ ಎದುರಿನಲ್ಲಿ, ಕಂಡದ್ದನ್ನಷ್ಟೇ ವೇಳೆಸಹಿತ ಬರೆಯಬೇಕು: 'ಮಾತು ತೊದಲಿತು' ಎಂದೇ ಹೊರತು 'ಕುಡಿದಿದ್ದ' ಎಂದಲ್ಲ. ಏಕೆಂದರೆ ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಇಳಿದರೂ ಹೀಗೆಯೇ ಆದೀತು. ತೀರ ಏರಿದಾಗ ಉಸಿರು ಹಣ್ಣಿನಂತೆ ನಾರುವುದೂ ಉಂಟು. ಆಗ ಬೇಕಾದವರು ವೈದ್ಯರು, ನೋಟೀಸಲ್ಲ.

ಇನ್ನು ಉಸಿರಿನ ಪರೀಕ್ಷೆ. ಬಾಯಿ ಮುಕ್ಕಳಿಸುವ ಕೆಲವು ಔಷಧಿಗಳಲ್ಲಿಯೂ ಮದ್ಯಸಾರವಿರುವುದರಿಂದ, ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ಊದಿಸುವುದು ನ್ಯಾಯ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ, 100 ಮಿಲಿಲೀಟರು ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದವನು ವಾಹನ ನಡೆಸಿದರೆ ಅಪರಾಧ. ಸಂಸ್ಥೆಯ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು. ಬೆಟ್ಟದ ದಾರಿಗೆ ಬಿಗಿಯಾಗಿರುವುದೇ ಮೇಲು. ಗಾಂಜಾ ಈ ಯಂತ್ರಕ್ಕೆ ಸಿಕ್ಕದು, ಅದಕ್ಕೆ ಆಸ್ಪತ್ರೆಯ ಪರೀಕ್ಷೆಯೇ ಬೇಕು.

ಚಟ ಬಲಿತವನನ್ನು "ನಾಳೆಯಿಂದಲೇ ಬಿಡು" ಎಂದು ಗದರಿಸಿ ಕಳಿಸುವುದು ಅಪಾಯ. ದಿನವೂ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಮೈನಡುಕ, ಫಿಟ್ಸು ಬರಬಹುದು. ರಜೆ ಕೊಟ್ಟು ವೈದ್ಯರ ಬಳಿಗೆ ಕಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವುಂಟು. ಮನೆಯವರು 14446 ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು. ಮರಳಿ ಬಂದವನಿಗೆ, ವೈದ್ಯರು ಒಪ್ಪಿ ಬರೆದುಕೊಡುವವರೆಗೆ, ಡಿಪೋದೊಳಗಿನ ಕೆಲಸ ಕೊಡಬೇಕು.