ದೊಡ್ಡ ಮುಖಕ್ಕೇ ಹೆಚ್ಚು ಕ್ಲಿಕ್ ಬೀಳುತ್ತದೆಯೇ?

ಥಂಬ್‌ನೇಲ್‌ನಲ್ಲಿ ಮುಖ ದೊಡ್ಡದಿರಬೇಕು, ಅಕ್ಷರ ದಪ್ಪಗಿರಬೇಕು, ಬಣ್ಣ ಎದ್ದು ಕಾಣಬೇಕು ಎಂಬ ಮಾತು ಯೂಟ್ಯೂಬ್‌ನಲ್ಲಿ ವಿಡಿಯೊ ಮಾಡುವವರಲ್ಲಿ ಬೇರೂರಿದೆ. ನಮ್ಮ ಚಾನೆಲ್‌ನ ಮಟ್ಟಿಗೆ ಅದು ನಿಜವೇ ಎಂದು ಹಳೆಯ ಥಂಬ್‌ನೇಲ್‌ಗಳನ್ನು ಅಳೆದು ನೋಡಬಹುದು.

ಥಂಬ್‌ನೇಲ್‌ನ ಸಾಮಾನ್ಯ ಅಳತೆ 1280×720 ಪಿಕ್ಸೆಲ್. ಮುಖದ ಸುತ್ತ ಒಂದು ಚೌಕಟ್ಟು ಎಳೆದು, ಅದು ಇಡೀ ಚಿತ್ರದ ಶೇಕಡಾ ಎಷ್ಟು ಎಂದು ಬರೆದುಕೊಳ್ಳಿ. ಚೌಕಟ್ಟು 400×460 ಇದ್ದರೆ ಸುಮಾರು 20. ಅಕ್ಷರದ ಎತ್ತರವನ್ನು ಚಿತ್ರದ ಎತ್ತರಕ್ಕೆ ಹೋಲಿಸಬೇಕು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅದನ್ನೂ ಸೇರಿಸಿದರೆ ಸಣ್ಣ ಅಕ್ಷರವೂ ದೊಡ್ಡದಾಗಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೂಲಾಕ್ಷರವನ್ನಷ್ಟೇ ಅಳೆಯಿರಿ. ಬಣ್ಣದ ವ್ಯತ್ಯಾಸ ಅಳೆಯಲು 1ರಿಂದ 21ರವರೆಗಿನ ಕಾಂಟ್ರಾಸ್ಟ್ ಅನುಪಾತವಿದೆ. ಕಪ್ಪಿನ ಮೇಲಿನ ಅಚ್ಚ ಹಳದಿಗೆ 19ಕ್ಕೂ ಹೆಚ್ಚು ಅಂಕ ಸಿಗುತ್ತದೆ, ಹಳದಿಯ ಮೇಲಿನ ಬಿಳಿಗೆ ಒಂದಕ್ಕಿಂತ ತುಸುವೇ ಹೆಚ್ಚು.

ಇನ್ನು ಕ್ಲಿಕ್ ದರ. ಥಂಬ್‌ನೇಲ್ ಕಂಡವರಲ್ಲಿ ನೂರಕ್ಕೆ ಎಷ್ಟು ಸಲ ಕ್ಲಿಕ್ ಬಿತ್ತು ಎಂಬುದನ್ನು ಯೂಟ್ಯೂಬ್ ಸ್ಟುಡಿಯೊ ತೋರಿಸುತ್ತದೆ. ಹುಡುಕಿಕೊಂಡು ಬಂದವರು ಕ್ಲಿಕ್ ಮಾಡುವ ರೀತಿಯೇ ಬೇರೆ, ಹೋಮ್ ಪುಟದಲ್ಲಿ ಸುಮ್ಮನೆ ಕಂಡವರ ರೀತಿಯೇ ಬೇರೆ. ಆದ್ದರಿಂದ ಹೋಮ್ ಪುಟದ, ಮೊದಲ ಏಳು ದಿನಗಳ ಲೆಕ್ಕವನ್ನು ಮಾತ್ರ ಎಲ್ಲ ವಿಡಿಯೊಗಳಿಗೂ ತೆಗೆದುಕೊಳ್ಳಿ. ಬರೀ 300 ಸಲ ಕಂಡ ವಿಡಿಯೊದ 5 ಶೇಕಡಾ ದರವನ್ನು ನಂಬಬೇಡಿ. ನಿಜವಾದ ದರ ಎರಡೂವರೆಯೂ ಇರಬಹುದು, ಏಳೂವರೆಯೂ ಇರಬಹುದು. 10,000 ಸಲ ಕಂಡಿದ್ದರೆ ಈ ಅಂತರ ಅರ್ಧ ಶೇಕಡಾದೊಳಗೆ ಇಳಿಯುತ್ತದೆ.

ಎಲ್ಲವನ್ನೂ ಸ್ಪ್ರೆಡ್‌ಶೀಟ್‌ಗೆ ತುಂಬಿದರೆ `CORREL` ಸೂತ್ರ −1ರಿಂದ 1ರವರೆಗಿನ ಒಂದು ಅಂಕಿ ಕೊಡುತ್ತದೆ. ನಲವತ್ತು ವಿಡಿಯೊಗಳಿದ್ದರೆ ಯಾವ ಸಂಬಂಧವೂ ಇಲ್ಲದೆ 0.3ರವರೆಗೆ ಬರುವುದುಂಟು.

ಅದಕ್ಕಿಂತ ದೊಡ್ಡ ಮೋಸ ಬೇರೊಂದಿದೆ. ಒಂದು ಚಾನೆಲ್‌ನಲ್ಲಿ 20 ಸಂದರ್ಶನ, 20 ಅಡುಗೆ ವಿಡಿಯೊಗಳಿವೆ ಎಂದುಕೊಳ್ಳಿ. ಸಂದರ್ಶನಗಳಲ್ಲಿ ಮುಖ ದೊಡ್ಡದು, ಕ್ಲಿಕ್ ದರ ಸರಾಸರಿ 6. ಅಡುಗೆಯಲ್ಲಿ ಮುಖ ಚಿಕ್ಕದು, ದರ 4. ಒಟ್ಟಿಗೆ ನೋಡಿದರೆ ದೊಡ್ಡ ಮುಖವೇ ಗೆದ್ದಂತೆ ಕಾಣುತ್ತದೆ. ಸಂದರ್ಶನಗಳನ್ನಷ್ಟೇ ಸಾಲಾಗಿ ಇಟ್ಟು ನೋಡಿದಾಗ ಶೇಕಡಾ 15ರ ಮುಖಕ್ಕೂ 35ರ ಮುಖಕ್ಕೂ ಒಂದೇ ದರ ಬಂದರೆ? ಆಗ ಕ್ಲಿಕ್ ತಂದದ್ದು ಮುಖದ ಗಾತ್ರವಲ್ಲ, ಬಂದ ಅತಿಥಿ. ಆ ಪಾಠ ನಂಬಿ ಬಿಸಿಬೇಳೆಬಾತಿನ ತಟ್ಟೆಯನ್ನು ಮುಖದಿಂದ ಮುಚ್ಚಿದವರಿಗೆ ಏನೂ ದಕ್ಕುವುದಿಲ್ಲ. ವಿಷಯವಾರು ಗುಂಪು ಮಾಡಿದ ಮೇಲೂ ಎರಡೂ ಗುಂಪುಗಳಲ್ಲಿ ಉಳಿದುಕೊಳ್ಳುವ ಗುಣವನ್ನಷ್ಟೇ, ಉದಾಹರಣೆಗೆ ಕಾಂಟ್ರಾಸ್ಟ್ ಅನ್ನು, ಗಂಭೀರವಾಗಿ ತೆಗೆದುಕೊಳ್ಳಬೇಕು.

ಆಮೇಲೂ ಅದು ಊಹೆಯೇ. ಖಚಿತಪಡಿಸಿಕೊಳ್ಳಲು ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್‌ವರೆಗೆ ಹಾಕಿ ಹೋಲಿಸುವ ಸೌಲಭ್ಯ ಸ್ಟುಡಿಯೊದಲ್ಲೇ ಇದೆ. ಕಾಂಟ್ರಾಸ್ಟ್ ಒಂದನ್ನೇ ಬದಲಿಸಿ, ಉಳಿದದ್ದನ್ನು ಹಾಗೇ ಬಿಡಿ. ಅಲ್ಲಿ ಗೆಲುವನ್ನು ನಿರ್ಧರಿಸುವುದು ಕ್ಲಿಕ್ ದರವಲ್ಲ, ಜನ ನೋಡಿದ ಸಮಯ ಎಂಬುದು ನೆನಪಿರಲಿ.